ಕೊಡೆ ಹಿಡಿದು ನಡೆಯುವ ಹೂದೋಟ: ದೇರೆಬೈಲಿನ ನಿಮ್ಮ ಸೊಸೈಟಿಗೆ ಏಳು ಚಿತ್ರಗಳು

ಸಂಘದ ಎಲ್ಲ ಸದಸ್ಯರಿಗೆ ನಮಸ್ಕಾರ.

ನಿಮ್ಮ ಅಂಗಳಕ್ಕೆ ನಾನು ಯೋಜಿಸಿರುವ ಹೂದೋಟ ಹೇಗಿರುತ್ತದೆ ಎಂದು ತೋರಿಸುವ ಏಳು ಚಿತ್ರಗಳನ್ನು ಎ ಬ್ಲಾಕಿನ ಲಿಫ್ಟ್ ಎದುರಿನ ಗೋಡೆಯಲ್ಲಿ ಅಂಟಿಸಿದ್ದೇನೆ. ಅವುಗಳ ಮುಂದೆ ನಿಂತು ಓದಿಕೊಳ್ಳಲು ಈ ಟಿಪ್ಪಣಿ. ಚಿತ್ರಗಳಲ್ಲಿ ನೀಲಿ ಆಕಾಶ ಕಡಿಮೆ ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ಹೇಳಿದ್ದೀರಿ. ಅದು ಬೇಕೆಂದೇ ಮಾಡಿದ್ದು. ಮಾರಾಟದ ಕರಪತ್ರಗಳ ಉದ್ಯಾನದಲ್ಲಿ ಸದಾ ಡಿಸೆಂಬರ್, ಸದಾ ಬೆಳಿಗ್ಗೆ ಎಂಟು ಗಂಟೆ. ನಿಮ್ಮ 22 ಸೆಂಟ್ಸ್ ಜಾಗ ಇರುವುದು ಮಂಗಳೂರಿನಲ್ಲಿ. ಇಲ್ಲಿ ವರ್ಷದ ನಾಲ್ಕು ತಿಂಗಳು ಮಳೆಯದ್ದೇ ಕಾರುಬಾರು. ಹಾಗಾಗಿ ಒಂದು ಚಿತ್ರ ಜುಲೈ ಮಳೆಯದ್ದು, ಒಂದು ಏಪ್ರಿಲ್ ಮಧ್ಯಾಹ್ನದ್ದು, ಎರಡು ಕತ್ತಲಾದ ಮೇಲಿನವು. ಮರಗಳನ್ನು ನೆಟ್ಟು ನಾಲ್ಕು ವರ್ಷ ಕಳೆದಾಗ ಎಷ್ಟು ಬೆಳೆದಿರಬಹುದೋ ಅಷ್ಟೇ ತೋರಿಸಿದ್ದೇನೆ. ಮೊದಲ ವರ್ಷ ಇಷ್ಟು ನೆರಳು ಇರುವುದಿಲ್ಲ.

ಚಿತ್ರದಲ್ಲಿರುವ ಜನರ ಬಗ್ಗೆಯೂ ಒಂದು ಮಾತು. ಮನುಷ್ಯರನ್ನು ಸ್ವಲ್ಪ ಕುಗ್ಗಿಸಿ ಬರೆದರೆ 22 ಸೆಂಟ್ಸ್ ಅರ್ಧ ಎಕರೆಯಂತೆ ಕಾಣುತ್ತದೆ. ನಮ್ಮ ವೃತ್ತಿಯಲ್ಲಿ ಇದು ಹಳೆಯ ಕೈಚಳಕ. ಇಲ್ಲಿ ಅದನ್ನು ಮಾಡಿಲ್ಲ. ಸೀರೆ ಉಟ್ಟ ಅಜ್ಜಿಯ ಎತ್ತರ 1.48 ಮೀಟರ್, ಚೀಲ ಹಿಡಿದವರದ್ದು 1.68, ಮೂರು ವರ್ಷದ ಮಗುವಿನದ್ದು 95 ಸೆಂಟಿಮೀಟರ್. ಏಳನೆಯದನ್ನು ಬಿಟ್ಟು ನೆಲಮಟ್ಟದ ನೋಟಗಳೆಲ್ಲವೂ ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ ಬರೆದವು. ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ಅನುಮಾನ ಬಂದರೆ ಪಕ್ಕದಲ್ಲಿರುವ ಮನುಷ್ಯನನ್ನು ನೋಡಿ.

ಚಿತ್ರ 1: ಮೇಲಿನಿಂದ ಕಾಣುವ ನಕ್ಷೆ

ಇದರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಯಾರೂ ತಮ್ಮ ತೋಟವನ್ನು ಹದ್ದಿನಂತೆ ನೋಡುವುದಿಲ್ಲ. ಗಮನಿಸಬೇಕಾದದ್ದು ಎರಡು. ಈಗಿರುವ ಮಾವಿನ ಮರ ಮತ್ತು ಎರಡು ತೆಂಗು ಇದ್ದಲ್ಲೇ ಇವೆ. ಅವುಗಳನ್ನು ಬಳಸಿಕೊಂಡು ಸುತ್ತುವ ಕಾಲುದಾರಿ 110 ಮೀಟರ್ ಉದ್ದವಿದೆ. ಒಂಬತ್ತು ಸುತ್ತು ಹಾಕಿದರೆ ಒಂದು ಕಿಲೋಮೀಟರಿಗೆ ಹತ್ತು ಮೀಟರ್ ಕಡಿಮೆ. ಬೆಳಗಿನ ನಡಿಗೆಯವರು ಲೆಕ್ಕ ಕೇಳಿದ್ದರಿಂದ ಹೇಳಿದೆ.

ಚಿತ್ರ 2: ಜುಲೈ, ಬೆಳಿಗ್ಗೆ ಏಳೂವರೆ, ಜಡಿಮಳೆ

ಏಳರಲ್ಲಿ ನನಗೆ ಮುಖ್ಯವಾದದ್ದು ಇದೇ. ದಾರಿಯಲ್ಲಿ ಇಬ್ಬರು ಎದುರುಬದುರಾಗಿ ಬರುತ್ತಿದ್ದಾರೆ, ಇಬ್ಬರ ಕೈಯಲ್ಲೂ ಬಿಚ್ಚಿದ ಕೊಡೆ. ದಾರಿ 1.2 ಮೀಟರ್ ಅಗಲ ಇದ್ದರೆ ಸಾಕು ಎಂಬುದು ಹಿಂದಿನ ನಕ್ಷೆಯ ಲೆಕ್ಕ. ಭುಜಕ್ಕೆ ಅದು ಸಾಕು. ಆದರೆ ಬಿಚ್ಚಿದ ಕೊಡೆಯ ಅಗಲ ಸುಮಾರು ಒಂದು ಮೀಟರ್. ಕರಾವಳಿಯಲ್ಲಿ ಮಳೆಗಾಲದ ಮನುಷ್ಯನ ಅಗಲ ಅವನ ಕೊಡೆಯ ಅಗಲವೇ. 1.2 ಮೀಟರ್ ದಾರಿಯಲ್ಲಿ ಒಬ್ಬರು ಕೆಸರಿಗೆ ಇಳಿಯಬೇಕು, ಇಲ್ಲವೇ ಕೊಡೆ ಓರೆ ಮಾಡಿ ಎದುರಿನವರ ಹೆಗಲ ಮೇಲೆ ನೀರು ಸುರಿಯಬೇಕು. ಅದಕ್ಕಾಗಿ ದಾರಿಯನ್ನು 1.8 ಮೀಟರಿಗೆ ಅಗಲಿಸಿ, ಎರಡೂ ಬದಿಯ ಮೊದಲ ಅರ್ಧ ಮೀಟರಿನಲ್ಲಿ ಮೊಣಕಾಲು ಮೀರದ ಗಿಡಗಳನ್ನಷ್ಟೇ ಇಟ್ಟಿದ್ದೇನೆ. ಕೊಡೆಯ ಅಂಚು ಗಿಡದ ಮೇಲಿನಿಂದ ಹಾದುಹೋಗುತ್ತದೆ. ಜಾಜಿ ಹಬ್ಬಿಸುವ ಕಮಾನಿನ ಎತ್ತರ 2.4 ಮೀಟರ್ ಇರುವುದೂ ಇದೇ ಕಾರಣಕ್ಕೆ.

ಕಾಲ ಕೆಳಗಿನ ಕಲ್ಲನ್ನು ಹತ್ತಿರದಿಂದ ನೋಡಿ. ಕೆಂಪುಕಲ್ಲು ಹಾಕಿ, ಊರಿನದ್ದಾಗುತ್ತದೆ ಎಂದು ಬಿ ಬ್ಲಾಕಿನ ಹಿರಿಯರೊಬ್ಬರು ಹೇಳಿದ್ದರು. ನನಗೂ ಕೆಂಪುಕಲ್ಲು ಇಷ್ಟವೇ. ಆದರೆ ಅದು ನೀರು ಕುಡಿಯುವ ಕಲ್ಲು. ನೆರಳಿನಲ್ಲಿ, ಆಗಸ್ಟ್ ಹೊತ್ತಿಗೆ, ಅದರ ಮೇಲೆ ಹಾವಸೆ ಹಬ್ಬಿ ಕಾಲಿಟ್ಟರೆ ಜಾರುತ್ತದೆ. ಹಾಗಾಗಿ ನಡೆಯುವ ಜಾಗಕ್ಕೆ ಉಳಿಯಿಂದ ಕುಟ್ಟಿ ಒರಟು ಮಾಡಿದ ಶಿಲೆಕಲ್ಲು. ಅಂಚುಕಟ್ಟೆಗೆ, ಕೂರುವ ಕಟ್ಟೆಯ ಬದಿಗೆ ಕೆಂಪುಕಲ್ಲು. ಅಂಚಿಗೆ ಹಾವಸೆ ಬಂದರೆ ಬರಲಿ, ಹಸಿರು ಚೆನ್ನಾಗಿಯೇ ಕಾಣುತ್ತದೆ. ದಾರಿ ಒಂದು ಬದಿಗೆ ಮೂರೂವರೆ ಸೆಂಟಿಮೀಟರಿನಷ್ಟು ವಾಲಿದೆ. ನಡೆಯುವಾಗ ಗೊತ್ತಾಗುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ.

ಇಡೀ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಬಿಡಿ, ಗುಡಿಸುವುದು ಸುಲಭ ಎಂಬ ಸಲಹೆಯನ್ನು ಒಪ್ಪಲಾರೆ. ಏಪ್ರಿಲ್‌ನಲ್ಲಿ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿದವರು ಈ ಸಲಹೆ ಕೊಡುವುದಿಲ್ಲ.

ಚಿತ್ರ 3: ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಹನ್ನೆರಡೂವರೆ

ಆ ವಾರದಲ್ಲಿ ನಮ್ಮೂರಲ್ಲಿ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಐದು ಮಹಡಿಯ ಕಟ್ಟಡವೂ ಆ ಹೊತ್ತಿಗೆ ಕಂಬದಂತೆಯೇ. ನೆರಳು ಬೇಕಿದ್ದರೆ ತಲೆಯ ಮೇಲೆ ಎಲೆ ಇರಲೇಬೇಕು. ಆದ್ದರಿಂದ ಕಟ್ಟೆಗಳನ್ನು ಗೋಡೆಯ ಪಕ್ಕದಿಂದ ತೆಗೆದು ಮರದ ಅಡಿಗೆ ತಂದಿದ್ದೇನೆ.

ಇಲ್ಲಿ ಕಾಣುವ ಮರ ರೆಂಜೆ. ನಿಧಾನವಾಗಿ ಬೆಳೆಯುತ್ತದೆ, ಒಪ್ಪುತ್ತೇನೆ. ಆದರೆ ವರ್ಷವಿಡೀ ದಟ್ಟ ಎಲೆ, ಗಾಳಿಗೆ ಸುಲಭವಾಗಿ ಮುರಿಯದ ಕೊಂಬೆ. ಉಗುರಿನಷ್ಟೇ ದೊಡ್ಡ ಕೆನೆಬಣ್ಣದ ಹೂ ನೆಲಕ್ಕೆ ಉದುರುತ್ತದೆ. ನಡುವೆ ಪುಟ್ಟ ತೂತು, ಬಾಳೆನಾರಿನಲ್ಲಿ ಪೋಣಿಸಲೆಂದೇ ಮಾಡಿಟ್ಟ ಹಾಗೆ. ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಕಟ್ಟೆಯ ಎತ್ತರ 45 ಸೆಂಟಿಮೀಟರ್. ಚಿತ್ರದ ಅಜ್ಜಿಯ ಪಾದ ನೆಲಕ್ಕೆ ಪೂರ್ತಿ ತಾಗಿದೆ, ಬಗ್ಗಿ ಹೂ ಹೆಕ್ಕಿ ಮತ್ತೆ ಕೂರಲು ಕೈ ಊರುವುದಕ್ಕೆ ಕಲ್ಲಿನ ಅಂಚಿದೆ. ಬಿ ಬ್ಲಾಕಿನ ಮೆಟ್ಟಿಲುಗಳ ಪಕ್ಕದಲ್ಲೇ ಗಾಲಿಕುರ್ಚಿಗೆ ಇಳಿಜಾರು ಇದೆ: 45 ಸೆಂಟಿಮೀಟರ್ ಇಳಿಯಲು ಒಂಬತ್ತು ಮೀಟರ್ ಉದ್ದ. ಜಾಗ ಹೆಚ್ಚು ತಿನ್ನುತ್ತದೆ ಎಂಬ ಆಕ್ಷೇಪ ಬಂದಿತ್ತು. ಮಳೆಯಲ್ಲಿ ಅಮ್ಮನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವ ಮನೆಯವರು ನಿಮ್ಮಲ್ಲೇ ಇದ್ದಾರೆ. ಅವರನ್ನು ಕೇಳಿ.

ಎಡಬದಿಯ ಸಣ್ಣ ಮಂಟಪಕ್ಕೆ ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ತೆರೆದ ಊರಿದು. ಇಲ್ಲಿ ಫೈಬರ್ ಶೀಟು ಹೊದಿಸಲು ನನಗೆ ನಾಚಿಕೆ. ಮಾಡಿನ ಇಳಿಜಾರು ನೈಋತ್ಯಕ್ಕೆ ಹೆಚ್ಚು ಚಾಚಿದೆ, ಎರಚಲು ಬರುವುದು ಅತ್ತಲಿಂದಲೇ.

ಚಿತ್ರ 4: ತಗ್ಗಿನ ಪಾತಿ

ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ ಈ 22 ಸೆಂಟ್ಸ್ ಮೇಲೆ ಬೀಳುವ ನೀರು ಸುಮಾರು 89 ಸಾವಿರ ಲೀಟರ್. 12 ಸಾವಿರ ಲೀಟರಿನ ಏಳು ಟ್ಯಾಂಕರಿಗಿಂತ ಹೆಚ್ಚು. ಇದನ್ನು ಚರಂಡಿಗೆ ಬಿಟ್ಟು ಮೇ ತಿಂಗಳಲ್ಲಿ ಟ್ಯಾಂಕರಿಗೆ ಫೋನು ಮಾಡುವುದು ನಮ್ಮ ಊರಿನ ವಾಡಿಕೆಯಾಗಿದೆ. ದಾರಿಯ ನೀರೆಲ್ಲ ಈ ತಗ್ಗಿಗೆ ಬಂದು, ಜಲ್ಲಿ ಮತ್ತು ಮರಳಿನ ಪದರದ ಮೂಲಕ ಒಂದು ದಿನದೊಳಗೆ ಇಂಗಬೇಕು. ಮೀರಿದ್ದು ಕೊಳವೆಯಲ್ಲಿ ಹೊರಗೆ. ಕಾರಂಜಿ ಕೊಳ ಕೇಳಿದ್ದಿರಿ, ಇಟ್ಟಿಲ್ಲ. ವಾರ ನಿಂತ ನೀರು ಸೊಳ್ಳೆಗೆ ಧಾರಾಳ ಸಾಕು, ಮಲೇರಿಯಾ ಎಂದರೇನೆಂದು ಮಂಗಳೂರಿಗೆ ಯಾರೂ ಕಲಿಸಬೇಕಾಗಿಲ್ಲ.

ಪಾತಿಯಲ್ಲಿ ಕಾಬಾಳೆ, ಅರಿಶಿನ, ಕೆಸು. ಆಟಿ ತಿಂಗಳಲ್ಲಿ ಪತ್ರೊಡೆಗೆ ಎಲೆ ಕೊಯ್ಯಲು ಸಮಿತಿಯ ಅನುಮತಿ ಬೇಡ ಎಂಬ ನಿಯಮವೊಂದನ್ನು ನೀವೇ ಮಾಡಿಕೊಂಡರೆ ಒಳ್ಳೆಯದು.

ಚಿತ್ರ 5: ಮಕ್ಕಳ ಜಾಗ

ಹಿಂದಿನ ನಕ್ಷೆಯಲ್ಲಿ ಜಾರುಬಂಡಿ ತೆಂಗಿನ ಮರದ ಬುಡದಲ್ಲಿತ್ತು. ಇದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಈಗ ಅದು ಮಾವಿನ ನೆರಳಿಗೆ ಬಂದಿದೆ. ತೆಂಗಿನ ಸುತ್ತ ನಾಲ್ಕು ಮೀಟರ್ ಜಾಗದಲ್ಲಿ ಕಾಲುದಾರಿಯೂ ಇಲ್ಲ, ಕಟ್ಟೆಯೂ ಇಲ್ಲ, ಒಂದೆಲಗ ಮತ್ತು ಗರಿಕೆ ಮಾತ್ರ. ಬೇಲಿ ಕೇಪುಳದ್ದು, 75 ಸೆಂಟಿಮೀಟರಿಗೆ ಸವರಿಟ್ಟದ್ದು. ಮೂರು ವರ್ಷದ ಮಗುವಿನ ತಲೆ ಬೇಲಿಯ ಮೇಲೆ ಕಾಣುತ್ತದೆ, ಕಟ್ಟೆಯಲ್ಲಿ ಕುಳಿತ ತಾಯಿ ಎದ್ದು ನಿಂತು ಹುಡುಕಬೇಕಿಲ್ಲ.

ಚಿತ್ರ 6 ಮತ್ತು 7: ಸಂಜೆ ಏಳು, ರಾತ್ರಿ ಹತ್ತೂವರೆ

ಈಗ ಗೇಟಿನ ಮೇಲೊಂದು 200 ವಾಟಿನ ಫ್ಲಡ್‌ಲೈಟ್ ಇದೆ. ಅದರ ಬೆಳಕಲ್ಲಿ ನಡೆಯುವವರಿಗೆ ಎದುರಿನವರ ಮುಖ ಕಾಣುವುದಿಲ್ಲ, ಕಪ್ಪು ಆಕೃತಿ ಮಾತ್ರ ಕಾಣುತ್ತದೆ. ಮೊದಲ ಮಹಡಿಯವರು ಪರದೆ ಎಳೆದು ಮಲಗುತ್ತಾರೆ. ಮೊದಲ ಮಳೆ ಬಿದ್ದ ರಾತ್ರಿ ಮಳೆಹುಳುಗಳೆಲ್ಲ ಅಲ್ಲಿಗೇ ಮುತ್ತುತ್ತವೆ.

ಆರನೆಯ ಚಿತ್ರದಲ್ಲಿ ಅದು ಇಲ್ಲ. ಅದರ ಬದಲು ದಾರಿಯ ಒಂದೇ ಬದಿಯಲ್ಲಿ, ನಾಲ್ಕೂವರೆ ಮೀಟರಿಗೊಂದರಂತೆ, 24 ಗಿಡ್ಡ ದೀಪಗಳು. ಎತ್ತರ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಬಲ್ಬು ಕಣ್ಣಿಗೆ ಕಾಣದು, ಬೆಳಕು ನೆಲಕ್ಕೆ ಮಾತ್ರ. ಬಣ್ಣ 2700 ಕೆಲ್ವಿನ್, ಅಂದರೆ ಹಳೆಯ ಬಲ್ಬಿನ ಹಳದಿ. ಕಂಬ ಕಬ್ಬಿಣದ್ದಲ್ಲ, ಉಪ್ಪುಗಾಳಿಗೆ ಕಬ್ಬಿಣ ಎಷ್ಟು ವರ್ಷ ಬಾಳುತ್ತದೆ ಎಂದು ನಿಮ್ಮ ಗೇಟೇ ಹೇಳುತ್ತಿದೆ. ದೀಪಗಳನ್ನು ಕಲ್ಲಿನ ಗೂಡಿನಲ್ಲಿ ಕೂರಿಸಿದ್ದೇನೆ, ತುಳಸಿಕಟ್ಟೆಯ ಹಣತೆಗೂಡಿನ ಅಳತೆಯಲ್ಲಿ. ಮುಖ ಗುರುತಿಸಬೇಕಾದ ಎರಡು ಕಡೆ, ಗೇಟು ಮತ್ತು ಮಂಟಪದಲ್ಲಿ, ಮಾತ್ರ ಮೇಲಿನಿಂದ ಬೀಳುವ ಬೆಳಕಿದೆ.

ಏಳನೆಯದನ್ನು ಎರಡನೇ ಮಹಡಿಯ ಬಾಲ್ಕನಿಯಿಂದ ಬರೆದದ್ದು. ಹತ್ತು ಗಂಟೆಗೆ ದಾರಿದೀಪಗಳಲ್ಲಿ ಮೂರರಲ್ಲಿ ಎರಡು ಆರುತ್ತವೆ. ಮಾವಿನ ಮರ ಪೂರ್ತಿ ಕತ್ತಲು. ಅದಕ್ಕೆ ಕೆಳಗಿನಿಂದ ಹಸಿರು ಬೆಳಕು ಬಿಟ್ಟರೆ ಚೆನ್ನಾಗಿರುತ್ತದೆ ಎಂದವರು ಕ್ಷಮಿಸಬೇಕು: ಅಲ್ಲಿ ಹಕ್ಕಿಗಳು ಮಲಗುತ್ತವೆ, ಮತ್ತು ಅದು ಮದುವೆ ಹಾಲ್ ಅಲ್ಲ. ಐದು ವಾಟಿನ 24 ದೀಪಗಳು ಆರೂವರೆಯಿಂದ ಹತ್ತರವರೆಗೆ, ಎಂಟು ದೀಪಗಳು ಬೆಳಿಗ್ಗೆ ಆರರವರೆಗೆ. ತಿಂಗಳಿಗೆ ಸುಮಾರು 22 ಯುನಿಟ್.

ಇನ್ನು ಕೆಲಸದ ಮಾತು. ಕಲ್ಲಿನ ಕೆಲಸ ಪತ್ತನಾಜೆಯೊಳಗೆ ಮುಗಿಯಬೇಕು, ಗಿಡ ನೆಡುವುದು ಮಳೆ ಹಿಡಿದ ಮೇಲೆ. ಒಪ್ಪಿಗೆ ಕೊಡುವ ಮುನ್ನ ಒಮ್ಮೆ ನೆಲದ ಮೇಲೆ ನೋಡಿಬಿಡಿ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ದಾರಿಯ ಎರಡೂ ಅಂಚಿಗೆ ಸುಣ್ಣದ ಗೆರೆ ಎಳೆಸಿರುತ್ತೇನೆ, ಕಟ್ಟೆ ಬರುವಲ್ಲಿ 45 ಸೆಂಟಿಮೀಟರ್ ಎತ್ತರಕ್ಕೆ ಕಲ್ಲು ಪೇರಿಸಿಟ್ಟಿರುತ್ತೇನೆ. ಬನ್ನಿ, ಕೂತು ನೋಡಿ, ಎದುರುಬದುರಾಗಿ ನಡೆದು ನೋಡಿ. ಮಳೆ ಇರುವುದಿಲ್ಲ, ಆದರೂ ಮನೆಗೊಂದು ಕೊಡೆ ತನ್ನಿ.