ವಿಶೇಷ ಸಾಮಾನ್ಯ ಸಭೆ ಕರೆಯಲು ಸದಸ್ಯರ ಬೇಡಿಕೆ ಪತ್ರ

ದಿನಾಂಕ: 12-03-2025

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಆಡಳಿತ ಮಂಡಳಿಯ ಸರ್ವ ಸದಸ್ಯರು,
ನಮ್ಮ ಗ್ರಾಮದ ಸೇವಾ ಸಹಕಾರಿ ಸಂಘ ನಿಯಮಿತ,
ಶಿರಸಿ ತಾಲೂಕು, ಉತ್ತರ ಕನ್ನಡ ಜಿಲ್ಲೆ.

ಮುಖಾಂತರ: ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು

ವಿಷಯ: ಸಂಘದ ಅಡಿಕೆ ಗೋದಾಮನ್ನು ಖಾಸಗಿಯವರಿಗೆ 15 ವರ್ಷಗಳ ಅವಧಿಗೆ ಗುತ್ತಿಗೆ ಕೊಡುವ ಆಡಳಿತ ಮಂಡಳಿಯ ಠರಾವನ್ನು ಸದಸ್ಯರ ಮುಂದಿಟ್ಟು ತೀರ್ಮಾನಿಸುವ ಸಲುವಾಗಿ ವಿಶೇಷ ಸಾಮಾನ್ಯ ಸಭೆ ಕರೆಯುವ ಕುರಿತು.

ಮಾನ್ಯರೇ,

ಈ ಪತ್ರಕ್ಕೆ ಸಹಿ ಮಾಡಿರುವ ನಾವು 147 ಮಂದಿ ಈ ಸಂಘದ ‘ಅ’ ವರ್ಗದ ಸದಸ್ಯರಾಗಿದ್ದು, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 28ನೇ ಕಲಮು ಮತ್ತು ನಮ್ಮ ಸಂಘದ ಉಪವಿಧಿಗಳ ಅನ್ವಯ, ಕೆಳಗೆ ಸ್ಪಷ್ಟವಾಗಿ ಬರೆದಿರುವ ಒಂದೇ ಉದ್ದೇಶಕ್ಕಾಗಿ ಸಂಘದ ವಿಶೇಷ ಸಾಮಾನ್ಯ ಸಭೆಯನ್ನು ಕರೆಯಬೇಕೆಂದು ಲಿಖಿತವಾಗಿ ಬೇಡಿಕೆ ಸಲ್ಲಿಸುತ್ತಿದ್ದೇವೆ. ಕಾಯ್ದೆಯ ಪ್ರಕಾರ ಇಂಥ ಬೇಡಿಕೆ ತಲುಪಿದ ಒಂದು ತಿಂಗಳೊಳಗೆ ಆಡಳಿತ ಮಂಡಳಿ ಸಭೆಯನ್ನು ಕರೆಯಲೇಬೇಕಾಗುತ್ತದೆ ಎಂಬುದನ್ನು ಗೌರವಪೂರ್ವಕವಾಗಿ ಗಮನಕ್ಕೆ ತರುತ್ತೇವೆ.

ಸಹಿಗಳ ಸಂಖ್ಯೆಯ ಬಗ್ಗೆ ಮುಂದೆ ಯಾವ ತಕರಾರೂ ಬಾರದಿರಲೆಂದು ಲೆಕ್ಕವನ್ನು ಇಲ್ಲಿಯೇ ಕೊಡುತ್ತೇವೆ. ಕಳೆದ ವಾರ್ಷಿಕ ಸಭೆಯ ವರದಿಯಲ್ಲಿ ‘ಅ’ ವರ್ಗದ ಸದಸ್ಯರ ಸಂಖ್ಯೆ 612 ಎಂದಿದೆ. ಉಪವಿಧಿ ಕೇಳುವುದು ಐದನೇ ಒಂದು ಪಾಲು, ಅಂದರೆ 123 ಸಹಿ. ನಮಗೆ ಒಟ್ಟು 156 ಮಂದಿ ಸಹಿ ಹಾಕಿಕೊಟ್ಟಿದ್ದರು. ಅವರಲ್ಲಿ ಐವರು, ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಇರುವ ಷೇರಿನ ಮೇಲೆ ಸಹಿ ಮಾಡಿದವರು, ವಾರಸುದಾರರ ಹೆಸರಿಗೆ ಷೇರು ಇನ್ನೂ ವರ್ಗವಾಗಿಲ್ಲ. ಉಳಿದ ನಾಲ್ವರು ಸಾಲದ ಕಂತು ಬಾಕಿ ಇರಿಸಿಕೊಂಡವರು. ಈ ಒಂಬತ್ತು ಸಹಿಗಳನ್ನು ನಾವೇ ತೆಗೆದಿದ್ದೇವೆ. ಕೆಳಗಿನಕೇರಿಯ ಇಬ್ಬರು ಹಿರಿಯ ಮಹಿಳಾ ಸದಸ್ಯರು ಹೆಬ್ಬೆಟ್ಟು ಒತ್ತಿದ್ದು, ಪತ್ರವನ್ನು ಅವರಿಗೆ ಪೂರ್ತಿ ಓದಿ ಹೇಳಿದ ಬಗ್ಗೆ ತಲಾ ಇಬ್ಬರು ಸಾಕ್ಷಿಗಳ ಸಹಿಯನ್ನು ಪಕ್ಕದಲ್ಲಿಯೇ ಹಾಕಿಸಲಾಗಿದೆ. ಪ್ರತಿ ಪುಟದ ಮೇಲ್ಭಾಗದಲ್ಲಿ ಸಭೆಯ ಉದ್ದೇಶವನ್ನು ಬರೆದೇ ಸಹಿ ಪಡೆದಿದ್ದೇವೆ. ಖಾಲಿ ಹಾಳೆಯ ಮೇಲೆ ಒಬ್ಬರಿಂದಲೂ ಸಹಿ ಪಡೆದಿಲ್ಲ.

ಬೇಡಿಕೆಗೆ ಕಾರಣವಾದ ಸಂಗತಿ ಹೀಗಿದೆ. 2025ರ ಫೆಬ್ರವರಿ 18ರಂದು ನಡೆದ ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಸಂಖ್ಯೆ 11ರ ಮೂಲಕ, ಸಂಘದ ಕಚೇರಿಯ ಹಿಂದಿರುವ ಗೋದಾಮನ್ನು ಅದರ ಮುಂದಿನ ಅಂಗಳದ ಸಮೇತ ಒಬ್ಬ ಖಾಸಗಿ ವ್ಯಾಪಾರಸ್ಥರಿಗೆ ತಿಂಗಳಿಗೆ 38,000 ರೂಪಾಯಿ ಬಾಡಿಗೆಯಂತೆ 15 ವರ್ಷಗಳಿಗೆ ಗುತ್ತಿಗೆ ಕೊಡಲು ಒಪ್ಪಲಾಗಿದೆ. ಗುತ್ತಿಗೆ ಮೇ 1ರಿಂದ ಜಾರಿಗೆ ಬರಬೇಕೆಂದೂ, ಸದಸ್ಯರ ದಾಸ್ತಾನು ಏಪ್ರಿಲ್ 30ರೊಳಗೆ ತೆರವಾಗಬೇಕೆಂದೂ ಅದರಲ್ಲಿದೆ. ಇದು ನಮಗೆ ಸುತ್ತೋಲೆಯಿಂದಲೋ ಸೂಚನಾ ಫಲಕದಿಂದಲೋ ತಿಳಿದದ್ದಲ್ಲ. ಮಾರ್ಚ್ ಮೊದಲ ವಾರ ನಮ್ಮಲ್ಲೊಬ್ಬರು 14 ಚೀಲ ಚಾಲಿ ಇಡಲು ಹೋದಾಗ ಕೈಗೆ ಬಂದ ದಾಸ್ತಾನು ರಸೀದಿಯ ಹಿಂಬದಿಯಲ್ಲಿ ‘ಏಪ್ರಿಲ್ 30ರೊಳಗೆ ಒಯ್ಯತಕ್ಕದ್ದು’ ಎಂಬ ರಬ್ಬರ್ ಮುದ್ರೆ ಇತ್ತು. ಏಕೆಂದು ಕೇಳಿದಾಗ ಗೋದಾಮಿನ ಸಿಬ್ಬಂದಿ ವಿಷಯವನ್ನು ಹೇಳಿದರು. ಆ ರಸೀದಿಯ ನಕಲನ್ನೂ, ಅರ್ಜಿ ಕೊಟ್ಟು ಪಡೆದ ಠರಾವಿನ ನಕಲನ್ನೂ ಇದರೊಂದಿಗೆ ಲಗತ್ತಿಸಿದ್ದೇವೆ.

ಈ ಗೋದಾಮು 1978ರಲ್ಲಿ ಕಟ್ಟಿದ್ದು. ಆಗ ಸಂಘಕ್ಕೆ ಸಾಲ ಸಿಕ್ಕದ ಭಾಗವನ್ನು ಸದಸ್ಯರು ತುಂಬಿಕೊಟ್ಟರು. ಚಿರೇಕಲ್ಲನ್ನು ಗಾಡಿಯಲ್ಲಿ ಹೊತ್ತು ತಂದುಕೊಟ್ಟವರು, ಒಂದೊಂದು ಮನೆಯಿಂದ ವಾರಕ್ಕೆ ಒಂದಾಳು ಕೊಟ್ಟವರು ಇಂದಿಗೂ ನಮ್ಮ ನಡುವೆ ಇದ್ದಾರೆ, ಅವರಲ್ಲಿ ಮೂವರ ಸಹಿ ಈ ಪತ್ರದಲ್ಲಿದೆ. ಕಟ್ಟಡಕ್ಕೆ ವಯಸ್ಸಾಗಿರುವುದು ನಿಜ. ಮಾಡಿನ ಹೆಂಚು ಅಲ್ಲಲ್ಲಿ ಸೋರುತ್ತದೆ, ಪಶ್ಚಿಮದ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ದುರಸ್ತಿಗೆ ಹಣ ಬೇಕು ಎಂಬ ಆಡಳಿತ ಮಂಡಳಿಯ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ದುರಸ್ತಿ ಹೇಗಾಗಬೇಕು, ಹಣ ಎಲ್ಲಿಂದ ಬರಬೇಕು ಎಂಬುದನ್ನು ಸದಸ್ಯರನ್ನು ಕೇಳದೆ, ಗೋದಾಮನ್ನೇ 15 ವರ್ಷ ಕೈಬಿಡುವ ತೀರ್ಮಾನಕ್ಕೆ ಬಂದದ್ದನ್ನು ಮಾತ್ರ ನಾವು ಒಪ್ಪಲಾರೆವು.

ಬಾಡಿಗೆಯ ಲೆಕ್ಕವನ್ನೇ ನೋಡೋಣ. ಗುತ್ತಿಗೆಯಿಂದ ವರ್ಷಕ್ಕೆ 4,56,000 ರೂಪಾಯಿ ಬರುತ್ತದೆ, ಈಗ ದಾಸ್ತಾನು ಬಾಡಿಗೆಯಿಂದ ಬರುತ್ತಿರುವುದು 2,71,000 ರೂಪಾಯಿ ಮಾತ್ರ ಎಂದು ಠರಾವಿನಲ್ಲಿ ಬರೆಯಲಾಗಿದೆ. ಆದರೆ ಅದೇ ಗೋದಾಮಿನಲ್ಲಿಟ್ಟ ಅಡಿಕೆಯ ಆಧಾರದ ಮೇಲೆ ಕೊಡುವ ಅಡಮಾನ ಸಾಲದಿಂದ ಸಂಘಕ್ಕೆ ಕಳೆದ ವರ್ಷ 6,40,000 ರೂಪಾಯಿ ಬಡ್ಡಿ ಬಂದಿರುವುದು ಸಂಘದ್ದೇ ವಾರ್ಷಿಕ ವರದಿಯಲ್ಲಿದೆ. ಠರಾವು ಆ ಮೊತ್ತದ ಸುದ್ದಿಯನ್ನೇ ಎತ್ತುವುದಿಲ್ಲ. ಆ ಬಡ್ಡಿಯಿಂದ ಸಂಘವು ಮೇಲಿನ ಬ್ಯಾಂಕಿಗೆ ಕಟ್ಟುವ ಬಡ್ಡಿಯನ್ನು ಕಳೆಯಬೇಕು, ಅಷ್ಟೂ ಲಾಭವಲ್ಲ ಎಂಬುದು ನಮಗೂ ಗೊತ್ತಿದೆ. ಹಾಗೆ ಕಳೆದ ಮೇಲೆ ಉಳಿಯುವುದೆಷ್ಟು, ಗೋದಾಮು ಹೋದ ಮೇಲೆ ಅಡಮಾನ ಸಾಲವನ್ನು ಯಾವ ದಾಸ್ತಾನಿನ ಮೇಲೆ ಕೊಡುವುದು ಎಂಬ ಲೆಕ್ಕವನ್ನು ಆಡಳಿತ ಮಂಡಳಿ ಸಭೆಯ ಮುಂದೆ ಇಡಬೇಕು.

ನಮ್ಮಲ್ಲಿ ಹೆಚ್ಚಿನವರು ಎರಡು ಎಕರೆಯೊಳಗಿನ ತೋಟದವರು. ಕೊನೆ ಕೊಯ್ದು, ಚಾಲಿಯನ್ನು ಒಂದೂವರೆ ತಿಂಗಳು ಬಿಸಿಲಿಗೆ ಒಣಗಿಸಿ, ಸುಲಿದು, ಆರಿಸಿ ಚೀಲ ತುಂಬುವ ಹೊತ್ತಿಗೆ ಕೂಲಿಯ ಬಾಕಿ, ಮಕ್ಕಳ ಶಾಲೆಯ ಶುಲ್ಕ, ಮದುವೆ ಮುಂಜಿಯ ಖರ್ಚು ಎಲ್ಲವೂ ಒಟ್ಟಿಗೆ ಎದುರು ನಿಂತಿರುತ್ತವೆ. ಎಲ್ಲರ ಮಾಲೂ ಏಕಕಾಲಕ್ಕೆ ಪೇಟೆಗೆ ಬರುವ ಆ ದಿನಗಳಲ್ಲಿ ದರ ಇಳಿದಿದ್ದರೆ, ಚೀಲಗಳನ್ನು ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆದು, ದರ ಏರಿದ ಮೇಲೆ ಟೆಂಡರಿಗೆ ಇಡುವುದೇ ಸಣ್ಣ ಬೆಳೆಗಾರನಿಗಿರುವ ದಾರಿ. ಮನೆಯ ಅಟ್ಟದಲ್ಲಿ ಇಟ್ಟುಕೊಳ್ಳಬಹುದಲ್ಲವೇ ಎಂದು ಕೇಳುವವರಿದ್ದಾರೆ. ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಮೇಲಿನ ಚಾಲಿ ಬೂಸಲು ಬಂದು ಬಣ್ಣಗೆಟ್ಟರೆ ಎಷ್ಟು ದರ ಬೀಳುತ್ತದೆ ಎಂಬುದನ್ನು ಆಡಳಿತ ಮಂಡಳಿಯಲ್ಲಿರುವ ಬೆಳೆಗಾರರಿಗೆ ನಾವು ವಿವರಿಸಬೇಕಾಗಿಲ್ಲ. ಅಲ್ಲದೆ, ಅಟ್ಟದಲ್ಲಿರುವ ಅಡಿಕೆಯ ಮೇಲೆ ಸಂಘ ಸಾಲ ಕೊಡುವುದೂ ಇಲ್ಲ.

ಇದೇ ಗೋದಾಮಿನ ಒಂದು ಬದಿಯಲ್ಲಿ ಮೈಲುತುತ್ತ ಮತ್ತು ಸುಣ್ಣದ ದಾಸ್ತಾನೂ ಇರುತ್ತದೆ. ಕೊಳೆರೋಗಕ್ಕೆ ಮೊದಲ ಬೋರ್ಡೋ ಸಿಂಪಡಣೆ ಮಳೆ ಹಿಡಿಯುವ ಮುನ್ನ ಆಗಬೇಕು. ಮೇ ತಿಂಗಳಿನಲ್ಲಿಯೇ ಜಾಗ ಖಾಲಿಯಾದರೆ ಈ ವರ್ಷದ ಮೈಲುತುತ್ತವನ್ನು ಎಲ್ಲಿ ಇಳಿಸುತ್ತಾರೆ ಎಂಬುದಕ್ಕೆ ಠರಾವಿನಲ್ಲಿ ಒಂದು ಸಾಲೂ ಇಲ್ಲ.

ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಬಹುದು ಎಂದು ಕೆಲವು ನಿರ್ದೇಶಕರು ನಮಗೆ ಮೌಖಿಕವಾಗಿ ಹೇಳಿದ್ದಾರೆ. ಆ ಸಭೆ ನಡೆಯುವುದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಗುತ್ತಿಗೆ ಪತ್ರ ನೋಂದಣಿಯಾಗಿ, ಬೀಗದ ಕೈ ಬೇರೆಯವರ ಕೈಸೇರಿ ನಾಲ್ಕು ತಿಂಗಳು ಕಳೆದಿರುತ್ತದೆ. ಆದ್ದರಿಂದಲೇ ವಿಶೇಷ ಸಭೆಯನ್ನು ಕೇಳುತ್ತಿದ್ದೇವೆ. ಕಾಯ್ದೆಯ 26ನೇ ಕಲಮಿನಂತೆ ಸಂಘದ ಅಂತಿಮ ಅಧಿಕಾರ ಇರುವುದು ಸದಸ್ಯರ ಸಾಮಾನ್ಯ ಸಭೆಯಲ್ಲಿ. ಇಷ್ಟು ದೀರ್ಘ ಕಾಲಕ್ಕೆ ಸ್ಥಿರಾಸ್ತಿಯನ್ನು ಕೊಡುವ ಮಾತು ಆ ಸಭೆಯ ಮುಂದೆ ಬರಲೇಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ.

ಸಭೆಯ ಉದ್ದೇಶ: ಆಡಳಿತ ಮಂಡಳಿಯ ದಿನಾಂಕ 18-02-2025ರ ಠರಾವು ಸಂಖ್ಯೆ 11ನ್ನು ಪರಿಶೀಲಿಸಿ, ಗೋದಾಮಿನ ಗುತ್ತಿಗೆಯ ಬಗ್ಗೆ ತೀರ್ಮಾನ ಕೈಗೊಳ್ಳುವುದು. ಇದಕ್ಕಾಗಿ ಕೆಳಗಿನ ಎರಡು ನಿರ್ಣಯಗಳನ್ನು ಇದೇ ಶಬ್ದಗಳಲ್ಲಿ ಸಭೆಯ ಸೂಚನಾ ಪತ್ರದಲ್ಲಿ ಮುದ್ರಿಸಬೇಕು.

ನಿರ್ಣಯ 1: “ಸಂಘದ ಗೋದಾಮು ಮತ್ತು ಅಂಗಳವನ್ನು 15 ವರ್ಷಗಳ ಅವಧಿಗೆ ಖಾಸಗಿಯವರಿಗೆ ಗುತ್ತಿಗೆ ಕೊಡುವ ಆಡಳಿತ ಮಂಡಳಿಯ ಠರಾವು ಸಂಖ್ಯೆ 11ಕ್ಕೆ ಈ ಸಭೆಯ ಒಪ್ಪಿಗೆ ಇರುವುದಿಲ್ಲ. ಆ ಠರಾವನ್ನು ರದ್ದುಪಡಿಸಲಾಗಿದೆ.”

ನಿರ್ಣಯ 2: “ಗೋದಾಮಿನ ದುರಸ್ತಿಯ ಅಂದಾಜು ವೆಚ್ಚವನ್ನೂ ಹಣ ಹೊಂದಿಸುವ ಮಾರ್ಗವನ್ನೂ ಪರಿಶೀಲಿಸಲು ಆಡಳಿತ ಮಂಡಳಿಯ ಮೂವರು ಮತ್ತು ಈ ಸಭೆ ಆರಿಸುವ ನಾಲ್ವರು ಸದಸ್ಯರ ಸಮಿತಿಯನ್ನು ರಚಿಸಲಾಗಿದೆ. ಸಮಿತಿಯು ಮುಂದಿನ ವಾರ್ಷಿಕ ಸಾಮಾನ್ಯ ಸಭೆಗೆ ತನ್ನ ವರದಿಯನ್ನು ಸಲ್ಲಿಸತಕ್ಕದ್ದು.”

ಇದು ಅವಿಶ್ವಾಸ ನಿರ್ಣಯವಲ್ಲ. ಅಧ್ಯಕ್ಷರ ಮೇಲಾಗಲಿ, ಯಾವುದೇ ನಿರ್ದೇಶಕರ ಮೇಲಾಗಲಿ ವೈಯಕ್ತಿಕ ಆರೋಪವನ್ನು ನಾವು ಮಾಡುತ್ತಿಲ್ಲ. ಅಂಥ ಮಾತು ಸಭೆಯಲ್ಲಿ ಬಂದರೆ ನಾವೇ ತಡೆಯುತ್ತೇವೆ. ಮೇಲಿನ ವಿಷಯದ ಹೊರತು ಬೇರೆ ಯಾವ ಸಂಗತಿಯನ್ನೂ ಈ ಸಭೆಯಲ್ಲಿ ಎತ್ತುವುದಿಲ್ಲ.

ಸಭೆಯನ್ನು ಏಪ್ರಿಲ್ 5, ಶನಿವಾರ ಮಧ್ಯಾಹ್ನ 3 ಗಂಟೆಗೆ ಸಂಘದ ಸಭಾಭವನದಲ್ಲಿ ಕರೆಯಬೇಕೆಂದು ಕೋರುತ್ತೇವೆ. ಮಾರ್ಚ್ 30ರ ಭಾನುವಾರ ಯುಗಾದಿ, ಏಪ್ರಿಲ್ 6ರ ಭಾನುವಾರ ರಾಮನವಮಿ ಇರುವುದರಿಂದ ಶನಿವಾರವನ್ನು ಸೂಚಿಸಿದ್ದೇವೆ. ಮಾರ್ಚ್ 20ರೊಳಗೆ ಸೂಚನಾ ಪತ್ರ ಹೊರಟರೆ ಉಪವಿಧಿ ಹೇಳುವ 15 ದಿನಗಳ ಮುನ್ಸೂಚನೆಯೂ ಸರಿಹೊಂದುತ್ತದೆ. ಕರಡು ಗುತ್ತಿಗೆ ಪತ್ರ, ಮೂರು ವರ್ಷಗಳ ದಾಸ್ತಾನು ಬಾಡಿಗೆ ಮತ್ತು ಅಡಮಾನ ಸಾಲದ ಲೆಕ್ಕಗಳು ಸಭೆಗೆ ಏಳು ದಿನ ಮೊದಲೇ ಕಚೇರಿಯಲ್ಲಿ ಸದಸ್ಯರಿಗೆ ನೋಡಲು ಸಿಗಬೇಕು. ಸಭೆಯ ತೀರ್ಮಾನ ಹೊರಬೀಳುವ ತನಕ ಗುತ್ತಿಗೆ ಪತ್ರಕ್ಕೆ ಸಹಿ ಮಾಡಬಾರದು, ಸದಸ್ಯರ ದಾಸ್ತಾನನ್ನು ತೆರವುಗೊಳಿಸುವಂತೆ ಒತ್ತಾಯಿಸಬಾರದು ಎಂದೂ ವಿನಂತಿಸುತ್ತೇವೆ.

ಒಂದು ತಿಂಗಳೊಳಗೆ ಸಭೆ ಕರೆಯದಿದ್ದಲ್ಲಿ, ಕಾಯ್ದೆಯ ಅದೇ ಕಲಮಿನಲ್ಲಿರುವ ಅಧಿಕಾರವನ್ನು ಬಳಸಿ ಸಭೆ ಕರೆಯುವಂತೆ ಸಹಕಾರ ಸಂಘಗಳ ನಿಬಂಧಕರ ಇಲಾಖೆಯನ್ನು ಕೋರುವುದು ನಮಗೆ ಅನಿವಾರ್ಯವಾಗುತ್ತದೆ. ಆ ಹಂತಕ್ಕೆ ಹೋಗದೆ ನಮ್ಮ ಸಂಘದ ಮಾತು ನಮ್ಮ ಸಭಾಭವನದಲ್ಲಿಯೇ ತೀರ್ಮಾನವಾಗಲಿ ಎಂಬುದೇ ನಮ್ಮೆಲ್ಲರ ಅಪೇಕ್ಷೆ. ಈ ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು ಮತ್ತು ದಿನಾಂಕವನ್ನು ಹಾಕಿ ಮರಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,

ನಾರಾಯಣ ಸುಬ್ರಾಯ ಹೆಗಡೆ, ಸದಸ್ಯತ್ವ ಸಂಖ್ಯೆ 87, ಮೇಲಿನಕೇರಿ (ಬೇಡಿಕೆದಾರರ ಪರವಾಗಿ ಪತ್ರ ವ್ಯವಹಾರಕ್ಕೆ ಅಧಿಕೃತರು)
ಸಾವಿತ್ರಿ ಗಣಪತಿ ಭಟ್ಟ, ಸದಸ್ಯತ್ವ ಸಂಖ್ಯೆ 203, ಮೇಲಿನಕೇರಿ
ಮಂಜುನಾಥ ತಿಮ್ಮಾ ನಾಯ್ಕ, ಸದಸ್ಯತ್ವ ಸಂಖ್ಯೆ 319, ಹೊಸಗದ್ದೆ
ಬೀರಾ ಕನ್ನಾ ಗೌಡ, ಸದಸ್ಯತ್ವ ಸಂಖ್ಯೆ 41, ಕೆಳಗಿನಕೇರಿ
ಲಕ್ಷ್ಮೀ ರಾಮಾ ಮಡಿವಾಳ, ಸದಸ್ಯತ್ವ ಸಂಖ್ಯೆ 466, ಕೆಳಗಿನಕೇರಿ

ಹಾಗೂ ಲಗತ್ತಿಸಿದ ಒಂಬತ್ತು ಪುಟಗಳಲ್ಲಿ ಹೆಸರು, ಸದಸ್ಯತ್ವ ಸಂಖ್ಯೆ, ಊರು ಮತ್ತು ದಿನಾಂಕದ ಸಹಿತ ಸಹಿ ಮಾಡಿರುವ ಇತರ 142 ಸದಸ್ಯರು.

ಲಗತ್ತು: ಸಹಿಗಳ ಪಟ್ಟಿ, ಒಂಬತ್ತು ಪುಟ, ಠರಾವು ಸಂಖ್ಯೆ 11ರ ನಕಲು, ದಾಸ್ತಾನು ರಸೀದಿಯ ನಕಲು, ಎರಡೂ ಬದಿ.

ಪ್ರತಿ: ಸಹಕಾರ ಸಂಘಗಳ ಸಹಾಯಕ ನಿಬಂಧಕರು, ಶಿರಸಿ, ಇವರಿಗೆ ಮಾಹಿತಿಗಾಗಿ.