ಪೀರಿಯಾಡಿಕ್ ಟ್ರೆಂಡ್ಸ್ ಪ್ರಾಸ, ಸೋಮವಾರದ ಟೆಸ್ಟಿಗೆ

ನಿನ್ನೆ ಲೆಕ್ಚರಲ್ಲಿ ಬರೆಸಿದ ಲಿಸ್ಟ್ ಮೂರು ಸಲ ಓದಿದ್ರೂ ಪೀರಿಯಾಡಿಕ್ ಟೇಬಲಲ್ಲಿ ಯಾವ್ದು ಏರುತ್ತೆ ಯಾವ್ದು ಇಳಿಯುತ್ತೆ ಅಂತ ತಲೇಲಿ ನಿಲ್ತಾನೇ ಇರ್ಲಿಲ್ಲ, ಅದಕ್ಕೆ ಕೂತ್ಕೊಂಡು ಪ್ರಾಸ ಹಾಕಿದೀನಿ. ಚಪ್ಪಾಳೆ ತಟ್ಕೊಂಡು ಜೋರಾಗಿ ಹೇಳಿ, ಮನಸ್ಸಲ್ಲೇ ಓದಿದ್ರೆ ಅಂಟಲ್ಲ.

ಎಡದಿಂದ ಬಲಕ್ಕೆ ಹೋದಂಗೆಲ್ಲ ಸೈಜು ಕುಗ್ಗುತ್ತೆ
ಪ್ರೋಟಾನ್ ಒಂದೊಂದೇ ಜಾಸ್ತಿಯಾಗಿ ಒಳಕ್ಕೆ ಜಗ್ಗುತ್ತೆ
ಮೇಲಿಂದ ಕೆಳಗೆ ಇಳಿದಂಗೆಲ್ಲ ಹೊಸ ಶೆಲ್ಲು ಸೇರುತ್ತೆ
ಅಂತಸ್ತು ಕಟ್ಟಿದ ಮನೆಯಂಗೆ ಸೈಜು ಏರುತ್ತೆ

ಸೋಡಿಯಂ 186 ಪೀಕೋಮೀಟರ್, ಹೊಟ್ಟೆ ಬಿಟ್ಕೊಂಡಿದೆ
ಅದೇ ಸಾಲಿನ ಕ್ಲೋರಿನ್ 99ಕ್ಕೆ ಮೈ ಮುದುಡ್ಕೊಂಡಿದೆ

(ನೋಬಲ್ ಗ್ಯಾಸನ್ನ ಈ ಸಾಲಿಗೆ ಸೇರಿಸ್ಬೇಡಿ, ಅದರ ಅಳತೆ ವ್ಯಾನ್ ಡರ್ ವಾಲ್ಸ್ ರೇಡಿಯಸ್, ಲೆಕ್ಕಾನೇ ಬೇರೆ.)

ಎಲೆಕ್ಟ್ರಾನ್ ಕೊಟ್ಟ ಕ್ಯಾಟಯಾನು ಸೊರಗಿ ಸಣ್ಣಗಾಯ್ತು
ಇಸ್ಕೊಂಡ್ ತಿಂದ ಆನಯಾನು ಉಬ್ಬಿ ದಪ್ಪಗಾಯ್ತು
ಎಲೆಕ್ಟ್ರಾನ್ ಎಲ್ಲರ್ಗೂ ಹತ್ತೇನಾ? ಪ್ರೋಟಾನ್ ನೋಡಿ ಸಾಲು ಕಟ್ಟು
ಪ್ರೋಟಾನ್ ಹೆಚ್ಚಿದ್ರೆ ಸೈಜು ಕಮ್ಮಿ, ಇದೇ ಇದರ ಗುಟ್ಟು

N³⁻ > O²⁻ > F⁻ > Na⁺ > Mg²⁺ > Al³⁺ ಇದನ್ನ ಪ್ರಾಸಕ್ಕೆ ಕೂರಿಸೋಕೆ ಅರ್ಧ ಗಂಟೆ ಒದ್ದಾಡಿ ಬಿಟ್ಬಿಟ್ಟೆ, ಹಂಗೇ ಬಾಯಿಪಾಠ ಮಾಡ್ಕೊಳ್ಳಿ.

ಎಲೆಕ್ಟ್ರಾನ್ ಕೀಳೋ ಖರ್ಚು ನೋಡು, ಬಲಕ್ಕೋದ್ರೆ ದುಬಾರಿ
ಕೆಳಗಿಳಿದ್ರೆ ಅಗ್ಗ ಆಗುತ್ತೆ, ಸೀಸಿಯಂ ಬಲು ಉದಾರಿ
ಹೀಲಿಯಂ ಮಹಾ ಜಿಪುಣ ಕಣೋ, 2372 ಕೇಳುತ್ತೆ
ಅಷ್ಟು ಕಿಲೋಜೌಲ್ ಕಕ್ಕಿದ್ರೇನೇ ಒಂದು ಮೋಲ್ ಎಲೆಕ್ಟ್ರಾನ್ ಏಳುತ್ತೆ

ಬೆರಿಲಿಯಂ ದಾಟಿ ಬೋರಾನ್ ಬಂದ್ರೆ ದಿಢೀರ್ ಅಂತ ಇಳಿತ
2p ಎಲೆಕ್ಟ್ರಾನ್ ಮೇಲ್ಗಡೆ ಕೂತಿದೆ, ಸಡಿಲ ಅದರ ಹಿಡಿತ
ನೈಟ್ರೋಜನ್ನಲ್ಲಿ ಮೂರು ರೂಮು, ಒಬ್ಬೊಬ್ರೇ ಆರಾಮ್
ನಾಲ್ಕನೇಯೋನು ನುಗ್ಗಿದ ಆಕ್ಸಿಜನ್ನಲ್ಲಿ ನಿದ್ದೆ ಹರಾಮ್

ಮಾರ್ಕು ಹೋಗೋದು ಇಲ್ಲೇ. "ಬಲಕ್ಕೆ ಏರುತ್ತೆ" ಅಂತ ಕಣ್ಮುಚ್ಚಿ ಬರೆದ್ರೆ ಬಿದ್ರಿ ಅಂತ ಲೆಕ್ಕ, ಬೆರಿಲಿಯಂ 900 ಬೋರಾನ್ 801, ನೈಟ್ರೋಜನ್ 1402 ಆಕ್ಸಿಜನ್ 1314, ಎರಡೂ ಕಡೆ ಹಿಂದಿರೋದೇ ಜಾಸ್ತಿ.

ಎಲೆಕ್ಟ್ರಾನ್ ಗೇನಲ್ಲಿ ಫ್ಲೋರಿನ್ ಫಸ್ಟು ಅಂದ್ರೆ ಮಾರ್ಕು ಹೋಯ್ತು
ಪುಟಾಣಿ ಮನೇಲಿ ನೂಕುನುಗ್ಗಲು, ಕ್ಲೋರಿನ್ನೇ ಕಪ್ ಒಯ್ತು
ಬಾಂಡಲ್ಲಿ ಜೋಡಿ ಎಳೆಯೋ ಆಟಕ್ಕೆ ಮಾತ್ರ ಫ್ಲೋರಿನ್ನೇ ರಾಜಾ
ಪಾಲಿಂಗ್ ಸ್ಕೇಲಲ್ಲಿ 3.98, ಮಿಕ್ಕೋರ್ಗೆಲ್ಲ ಸಜಾ

ಎಡಕ್ಕೆ ಕೆಳಕ್ಕೆ ಹೋದಷ್ಟೂ ಲೋಹದ ಗುಣ ಜೋರು
ಬಲಕ್ಕೆ ಮೇಲಕ್ಕೆ ಹತ್ತಿದ್ರೆ ಅಲೋಹದ ಕಾರುಬಾರು
ಎಡದ ಆಕ್ಸೈಡ್ ಬೇಸಿಕ್ ಕಣೋ, ಬಲದ್ದು ಆಸಿಡ್ ಜಾತಿ
ಅಲ್ಯೂಮಿನಿಯಂ ನಡುವೆ ನಿಂತು ಎರಡರ ಜೊತೆಗೂ ಪ್ರೀತಿ

ಲಾಸ್ಟಿಗೊಂದು, ಲೆಕ್ಚರ್ ಮುಗಿಯೋ ಬೆಲ್ ಹೊಡೆದ್ಮೇಲೆ ಹೇಳಿದ್ದು, ಅರ್ಧ ಕ್ಲಾಸು ಬ್ಯಾಗ್ ಎತ್ಕೊಂಡಾಗಿತ್ತು:

ಕೆಳಗಿದ್ರೂನೂ ಗ್ಯಾಲಿಯಂ ಯಾಕೆ ಅಲ್ಯೂಮಿನಿಯಂಗಿಂತ ಚಿಕ್ಕ?
3d ಪರದೆ ತೆಳು ಕಣೋ, ನ್ಯೂಕ್ಲಿಯಸ್ ಎಳೆಯೋದು ಪಕ್ಕಾ