ವಿಷಯ: ಒಣಗುವ ಪದರಗಳ ಬಿರುಕುಗಳು – ನಿಮ್ಮ ಬಳಿ ಪಿಎಚ್‌ಡಿ ಮಾಡುವ ಬಗ್ಗೆ

ನಮಸ್ಕಾರ ಮೇಡಂ,

ನನ್ನ ಹೆಸರು ಮೇಘನಾ. ಭೌತಶಾಸ್ತ್ರ ಎಂಎಸ್ಸಿ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮುಂದಿನ ವರ್ಷ ನೀವು ಹೊಸ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಲು ಬರೆಯುತ್ತಿದ್ದೇನೆ.

ನನ್ನ ಪ್ರಾಜೆಕ್ಟ್ ಜೇಡಿಮಣ್ಣು ಒಣಗುವಾಗ ಬೀಳುವ ಬಿರುಕುಗಳ ಮೇಲೆ. ಒಂದು ರಾತ್ರಿ ಕ್ಯಾಮೆರಾ ಪಕ್ಕದಲ್ಲೇ ಕೂತು ತಟ್ಟೆಯನ್ನು ನೋಡುತ್ತಿದ್ದೆ. ನೆಟ್ಟಗೆ ಬರುತ್ತಿದ್ದ ಹೊಸ ಬಿರುಕೊಂದು ಹಳೆಯ ಬಿರುಕಿನ ಹತ್ತಿರ ಬರುತ್ತಲೇ ಮೆಲ್ಲಗೆ ಬಾಗಿತು, 90 ಡಿಗ್ರಿಯಲ್ಲಿ ಹೋಗಿ ಸೇರಿತು. ಹಳೆಯ ಬಿರುಕಿನ ಅಂಚಿನಲ್ಲಿ ಅಡ್ಡ ಎಳೆತ ಆಗಲೇ ಸಡಿಲವಾಗಿರುತ್ತದೆ, ಉದ್ದುದ್ದ ಎಳೆತ ಮಾತ್ರ ಉಳಿದಿರುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಕಣ್ಣೆದುರು ನಡೆದಾಗ ಈ ವಿಷಯವನ್ನು ಬಿಡಬಾರದು ಅನ್ನಿಸಿತು.

ಮಣ್ಣನ್ನು ಮತ್ತೆ ಮತ್ತೆ ನೆನೆಸಿ ಒಣಗಿಸಿದರೆ ಬಿರುಕುಗಳು ಸೇರುವ ಆ ಕೋನಗಳು 120 ಡಿಗ್ರಿಯತ್ತ ಸರಿಯುತ್ತವೆ ಅಲ್ವಾ, ಆ ಬಗ್ಗೆ ಹುಡುಕುವಾಗಲೇ ನಿಮ್ಮ ಲೇಖನ ಸಿಕ್ಕಿತು. ಪದರದ ದಪ್ಪ ಬದಲಾದಾಗ ಏನಾಗುತ್ತದೆ ಎಂದು ನೀವು ಬರೆದ ಭಾಗವನ್ನು ಮೂರು ಸಲ ಓದಿದೆ. ನಾಲ್ಕನೇ ಚಿತ್ರದಲ್ಲಿ, ತೆಳು ಪದರದ ಎಡ ಅಂಚಿನಲ್ಲಿ, ಬಿರುಕುಗಳು ಎಷ್ಟು ಸಲ ಒಣಗಿದರೂ ಒಂದೇ ದಿಕ್ಕಿಗೆ ಸಾಲಾಗಿ ನಿಂತಿವೆ. ಮಣ್ಣಿನ ಒದ್ದೆ ಹಿಟ್ಟನ್ನು ಸುರಿಯುವಾಗ ಅದು ಹರಿದ ದಿಕ್ಕು ಅಲ್ಲಿ ಉಳಿದುಕೊಂಡಿರಬಹುದೇ?

ಹೀಗೆ ಕೇಳಲು ಕಾರಣವಿದೆ. ಒದ್ದೆ ಹಿಟ್ಟನ್ನು ಒಂದು ದಿಕ್ಕಿನಲ್ಲಿ ಅಲುಗಾಡಿಸಿ ಒಣಗಲು ಬಿಟ್ಟರೆ ಬಿರುಕುಗಳು ಆ ದಿಕ್ಕಿಗೆ ಅಡ್ಡವಾಗಿ ಏಳುತ್ತವೆ ಎಂದು ನಕಹರಾ ಮತ್ತು ಮತ್ಸುವೊ 2005ರಲ್ಲಿ ತೋರಿಸಿದ್ದರು. ಹಿಟ್ಟಿಗೆ ನೆನಪಿರುತ್ತದೆ. ಹಾಗಾದರೆ ಅದನ್ನೇ ಹತ್ತಾರು ಸಲ ನೆನೆಸಿ ಒಣಗಿಸಿದಾಗ ಗೆಲ್ಲುವುದು ಯಾವುದು, ಆ ನೆನಪೋ, 120 ಡಿಗ್ರಿಯತ್ತ ಹೋಗುವ ಒಲವೋ? ಪಿಎಚ್‌ಡಿಯಲ್ಲಿ ನಾನು ಕೆಲಸ ಮಾಡಬೇಕೆಂದಿರುವುದು ಇದೇ ಪ್ರಶ್ನೆಯ ಮೇಲೆ.

ಸಣ್ಣ ಮಟ್ಟದಲ್ಲಿ ಶುರು ಮಾಡಿದ್ದೇನೆ. ಮೊದಲ ತಿಂಗಳ ಫೋಟೋಗಳನ್ನೆಲ್ಲ ಕೈಬಿಡಬೇಕಾಯಿತು. ದೀಪ ಒಂದು ಬದಿಗಿದ್ದುದರಿಂದ ಆ ಕಡೆಯ ಮಣ್ಣು ಬೇಗ ಒಣಗುತ್ತಿತ್ತು, ಬಿರುಕುಗಳೆಲ್ಲ ಅಲ್ಲಿಂದಲೇ ಹೊರಡುತ್ತಿದ್ದವು. ಈಗ ದೀಪ ತೆಗೆದು, ತಟ್ಟೆಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ನಿಧಾನವಾಗಿ ಒಣಗಿಸುತ್ತಿದ್ದೇನೆ. ಅಲುಗಾಡಿಸಿದ ತಟ್ಟೆಗಳಲ್ಲಿ ಮೊದಲ ಕೆಲವು ಸುತ್ತುಗಳವರೆಗೆ ದಿಕ್ಕು ಕಾಣುತ್ತದೆ, ಆಮೇಲೆ ಮಸುಕಾಗುತ್ತದೆ. ತಟ್ಟೆಗಳು ಕಡಿಮೆ ಇರುವುದರಿಂದ ಇದಕ್ಕಿಂತ ಜಾಸ್ತಿ ಹೇಳುವ ಧೈರ್ಯ ನನಗಿಲ್ಲ.

ಬಿರುಕುಗಳ ಕೋನ ಅಳೆಯುವ ಪ್ರೋಗ್ರಾಂ ಅನ್ನು ಪೈಥಾನ್‌ನಲ್ಲಿ ನಾನೇ ಬರೆದಿದ್ದೇನೆ. ಪದರದ ಒಳಗಿನ ಎಳೆತ ಅಳೆಯಲು ಮಾತ್ರ ನನಗೆ ಬರುವುದಿಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ಅದನ್ನು ಕಲಿಯಬೇಕೆಂಬ ಆಸೆ ತುಂಬಾ ಇದೆ.

ಎರಡು ಪುಟದ ಟಿಪ್ಪಣಿ, ಅಂಕಪಟ್ಟಿ ಮತ್ತು ಆರು ಫೋಟೋಗಳನ್ನು ಇದರ ಜೊತೆ ಕಳಿಸಿದ್ದೇನೆ. ನನ್ನ ಪ್ರಾಜೆಕ್ಟ್ ಮಾರ್ಗದರ್ಶಕರು ಶಿಫಾರಸು ಪತ್ರ ಕೊಡಲು ಒಪ್ಪಿದ್ದಾರೆ. ನಿಮಗೆ ಬಿಡುವಾದಾಗ ಇಪ್ಪತ್ತು ನಿಮಿಷ ಆನ್‌ಲೈನ್‌ನಲ್ಲಿ ಮಾತನಾಡಲು ಸಾಧ್ಯವೇ? ಮುಂದಿನ ವರ್ಷ ಜಾಗ ಇಲ್ಲದಿದ್ದರೂ, ಆ ನಾಲ್ಕನೇ ಚಿತ್ರದ ಬಗ್ಗೆ ಎರಡು ಸಾಲು ಬರೆದರೆ ತುಂಬಾ ಖುಷಿಯಾಗುತ್ತದೆ.

ವಂದನೆಗಳೊಂದಿಗೆ,
ಮೇಘನಾ
ಎಂಎಸ್ಸಿ ಭೌತಶಾಸ್ತ್ರ, ಕೊನೆಯ ವರ್ಷ